ಐನೂರು ಪದಕ್ಕೆ ಇಳಿದ ಮೆಣಸಿನಕಾಯಿ

ಧಾರವಾಡದ ಸಮ್ಮೇಳನವೊಂದರ ಪೋಸ್ಟರ್‌ಗೆ ವಿಸ್ತೃತ ಸಾರಾಂಶ ಕೇಳಿದ್ದರು. ಮಿತಿ 500 ಪದ. ಮೆಣಸಿನಕಾಯಿ ಒಣಗಿಸುವ ಪ್ರಯೋಗದ ಬಗ್ಗೆ ನಾನು ಬರೆದದ್ದು 1,140 ಆಗಿತ್ತು. ವಿಶೇಷಣಗಳನ್ನು ಎಷ್ಟು ಕಿತ್ತರೂ 900ಕ್ಕಿಂತ ಕೆಳಗೆ ಇಳಿಯಲೇ ಇಲ್ಲ.

ಭಾಗವಾರು ಪದ ಎಣಿಸಿದಾಗ ರೋಗ ಸಿಕ್ಕಿತು: ಪೀಠಿಕೆಯೇ 520, ಫಲಿತಾಂಶ ಬರೀ 130. ಬ್ಯಾಡಗಿ ಮೆಣಸಿನಕಾಯಿಯ ಪರಿಚಯವನ್ನು ಹಾವೇರಿ ಕಡೆಯವರಿಗೇ ಮಾಡಿಕೊಟ್ಟಿದ್ದೆ!

ಕಡತ ಮುಚ್ಚಿ, ಖಾಲಿ ಹಾಳೆಯಲ್ಲಿ ಮೊದಲು ಫಲಿತಾಂಶ ಬರೆದೆ: "ತೇವಾಂಶ ಶೇ 10ಕ್ಕೆ ಇಳಿಯಲು ಕಣದಲ್ಲಿ 11 ದಿನ, ಸೌರ ಡ್ರೈಯರ್‌ನಲ್ಲಿ 4 ದಿನ ಹಿಡಿಯಿತು." ಈ ವಾಕ್ಯ ಅರ್ಥವಾಗಲು ಬೇಕಾದಷ್ಟನ್ನೇ ಹಿಂದಕ್ಕೆ ಸೇರಿಸಿದೆ. ಸಮಸ್ಯೆಗೆ ಒಂದೇ ಸಾಲು: ಕಣದಲ್ಲಿ ಇಬ್ಬನಿಗೆ ನೆನೆದ ಕಾಯಿ ಬಣ್ಣ ಕಳೆದುಕೊಳ್ಳುತ್ತದೆ, ಬೆಲೆ ಇಳಿಯುತ್ತದೆ. ವಿಧಾನದಲ್ಲಿ ಉಪಕರಣಗಳ ವರ್ಣನೆ ಹೋಯಿತು. ಎಷ್ಟು ಕಾಯಿ, ಎಷ್ಟು ಬಾರಿ, ತೇವಾಂಶ ಹೇಗೆ ಅಳೆದೆ ಎಂಬುದು ಉಳಿಯಿತು. ಅದಿಲ್ಲದಿದ್ದರೆ ಪರಿಶೀಲಕರು ಆ 4 ದಿನವನ್ನು ನಂಬುವುದಿಲ್ಲ.

ಮಹತ್ವದ ಭಾಗದಲ್ಲಿ "ರೈತರಿಗೆ ಬಹಳ ಉಪಯುಕ್ತ" ಎಂದಿತ್ತು. ಅದನ್ನು ಹೊಡೆದು, ಯಾವ ಪ್ರಮಾಣದ ಬೆಳೆಗೆ ಇದು ಹೊಂದುತ್ತದೆ ಎಂದು ಬರೆದೆ. ಪ್ರಯೋಗ ಒಂದೇ ಹಂಗಾಮಿನದು, ಡ್ರೈಯರ್ ವೆಚ್ಚ ಲೆಕ್ಕಿಸಿಲ್ಲ ಎಂಬ ಮಿತಿಯನ್ನೂ ಸೇರಿಸಿದೆ. ಒಟ್ಟು 486 ಪದ.

ಪೋಸ್ಟರ್ ಮುಂದೆ ನಿಂತ ಹಿರಿಯರೊಬ್ಬರು ಮೊದಲು ಕೇಳಿದ್ದು ಆ ವೆಚ್ಚವನ್ನೇ.