ಜಗಲಿ ಗೋಡೆಯ ಐದು ಫೋಟೊ

ಕಳೆದ ದೀಪಾವಳಿಗೆ ಮೊದಲು ಶಿರಸಿ ಹತ್ತಿರದ ನಮ್ಮ ಮನೆಯ ಜಗಲಿಗೆ ಬಣ್ಣ ಹೊಡೆಸಿದೆವು. ಇಳಿಸಿಟ್ಟ ಫೋಟೊಗಳನ್ನು ಮತ್ತೆ ಹಾಕುವ ಕೆಲಸ ನನ್ನದಾಯ್ತು. ಒಟ್ಟು ಐದು. ಅಜ್ಜ–ಅಜ್ಜಿಯದು, ಉಂಚಳ್ಳಿ ಜಲಪಾತದ್ದು, ಮನೆಯವರೆಲ್ಲ ಇರುವ ಮದುವೆ ಫೋಟೊ, ತಂಗಿಯ ಯಕ್ಷಗಾನ ವೇಷ, ಮತ್ತೆ ಒಂದು ಕಾವಿ ಚಿತ್ರ. ಒಂದೊಂದರ ಅಗಲ ಒಂದೊಂದು.

ಮೊದಲ ಸಲ ನಾನು ಮಾಡಿದ್ದು ಹೀಗೆ. ಗೋಡೆ 366 ಸೆಂಟಿಮೀಟರ್. ಐದು ಫೋಟೊ, ಅಂದರೆ ಆರು ಭಾಗ, ಭಾಗಕ್ಕೆ 61. ಹಾಗಾಗಿ 61, 122, 183, 244, 305ಕ್ಕೆ ಪೆನ್ಸಿಲ್ ಗುರುತು ಹಾಕಿ, ಸಣ್ಣ ಮೊಳೆ ಹೊಡೆದು ಎಲ್ಲವನ್ನೂ ತೂಗುಹಾಕಿದೆ. ಮೊಳೆಗಳ ನಡುವಿನ ಅಂತರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಆಯಿ ಬಾಗಿಲಲ್ಲಿ ನಿಂತು ನೋಡಿ, "ತಮಾ, ಮದುವೆ ಫೋಟೊದ ಹತ್ರ ಎಲ್ಲಾ ಒತ್ತಿಕೊಂಡ ಹಾಂಗೆ ಕಾಣ್ತಲೋ" ಅಂದಳು.

ಟೇಪು ಹಿಡಿದು ನೋಡಿದರೆ ಆಯಿ ಹೇಳಿದ್ದೇ ಸರಿ. ಎಡಗೋಡೆಯಿಂದ ಮೊದಲ ಫೋಟೊಗೆ 38, ಆಮೇಲೆ 22.5, ಮದುವೆ ಫೋಟೊದ ಎರಡೂ ಬದಿಗೆ ಬರೀ 15, ಮುಂದಿನದು 25, ಕೊನೆಗೆ 40.5. ಕಾರಣ ಸುಲಭ. ನಾನು ಸಮ ಮಾಡಿದ್ದು ಮೊಳೆಗಳನ್ನು. ಕಣ್ಣು ನೋಡುವುದು ಮೊಳೆಯನ್ನಲ್ಲ, ಚೌಕಟ್ಟುಗಳ ನಡುವೆ ಉಳಿದ ಖಾಲಿ ಗೋಡೆಯನ್ನು. ಎಲ್ಲ ಫೋಟೊ ಒಂದೇ ಅಗಲದ್ದಾಗಿದ್ದರೆ ನನ್ನ ಲೆಕ್ಕದಲ್ಲೂ ನಡುವಿನ ಸಂದುಗಳು ಸಮ ಬರುತ್ತಿದ್ದವು, ಎರಡು ತುದಿಯದು ಮಾತ್ರ ಬೇರೆ ಆಗುತ್ತಿತ್ತು. ಅಗಲ ಬೇರೆ ಬೇರೆ ಇದ್ದಾಗ ಅದೂ ಇಲ್ಲ.

ಮರುದಿನ ಬೆಳಿಗ್ಗೆ ಎಲ್ಲ ಇಳಿಸಿ ಚೌಕಟ್ಟುಗಳನ್ನು ಅಳೆಯುವುದರಿಂದಲೇ ಶುರು ಮಾಡಿದೆ. ಇಲ್ಲೊಂದು ಎಚ್ಚರ ಬೇಕು. ಫ್ರೇಮ್ ಅಂಗಡಿಯಲ್ಲಿ ಹೇಳುವ ಸೈಜು ಒಳಗಿನ ಫೋಟೊದ್ದು. ನಮ್ಮ ಜಲಪಾತದ ಫೋಟೊ 10 ಇಂಚು, ಅಂದರೆ ಸುಮಾರು 25 ಸೆಂಟಿಮೀಟರ್ ಅಗಲ. ಎರಡು ಬದಿಯ ಮರದ ಪಟ್ಟಿ ಸೇರಿ ಹೊರಗಿನ ಅಂಚಿಂದ ಅಂಚಿಗೆ 31. ಲೆಕ್ಕಕ್ಕೆ ಬೇಕಾದದ್ದು ಈ ಹೊರಗಿನ ಅಳತೆ. ಎಡದಿಂದ ಬಲಕ್ಕೆ ನಮ್ಮ ಐದರ ಅಗಲ 46, 31, 61, 31, 41. ಕೂಡಿದರೆ 210.

ಗೋಡೆಯನ್ನೂ ಮತ್ತೆ ಅಳೆದೆ. ನಮ್ಮದು ಚಿರೇಕಲ್ಲಿನ ಹಳೇ ಮನೆ, ಮೂಲೆಗಳು ನೆಟ್ಟಗಿಲ್ಲ. ನೆಲದ ಹತ್ತಿರ 368 ಇತ್ತು, ಫೋಟೊ ಬರುವ ಎತ್ತರದಲ್ಲಿ 366. ಅದಕ್ಕೇ ಅಳತೆಯನ್ನು ಫೋಟೊ ಬರುವ ಎತ್ತರದಲ್ಲೇ ತೆಗೆಯಬೇಕು. ಬಲಗಡೆ ಬಾಗಿಲಿದೆ, ಹಾಗಾಗಿ ಎಡ ಮೂಲೆಯಿಂದ ಬಾಗಿಲಿನ ದಾರಂದದ ಅಂಚಿನವರೆಗೆ ಮಾತ್ರ ಹಿಡಿದೆ.

ಮುಂದಿನ ಲೆಕ್ಕ ಒಂದೇ ಸಾಲಿನದು. 366ರಲ್ಲಿ 210 ಕಳೆದರೆ ಉಳಿಯುವ ಖಾಲಿ ಗೋಡೆ 156. ಐದು ಫೋಟೊಗೆ ಸಂದು ಆರು, ಎರಡು ತುದಿಯದೂ ಸೇರಿ. 156ನ್ನು ಆರರಿಂದ ಭಾಗಿಸಿದರೆ 26. ಪ್ರತಿ ಸಂದೂ 26 ಸೆಂಟಿಮೀಟರ್.

ಇನ್ನು ಅಂಚುಗಳು. ಎಡ ಮೂಲೆಯಿಂದ 26 ಬಿಟ್ಟು ಮೊದಲ ಫೋಟೊ ಶುರು, ಅದರ ಅಗಲ 46 ಸೇರಿಸಿದರೆ 72ಕ್ಕೆ ಮುಗಿಯಿತು. ಮತ್ತೆ 26 ಬಿಟ್ಟು 98ಕ್ಕೆ ಎರಡನೆಯದು ಶುರು, 129ಕ್ಕೆ ಮುಕ್ತಾಯ. ಹೀಗೇ ಮೂರನೆಯದು 155ರಿಂದ 216, ನಾಲ್ಕನೆಯದು 242ರಿಂದ 273, ಐದನೆಯದು 299ರಿಂದ 340. 340ಕ್ಕೆ ಕೊನೆಯ 26 ಕೂಡಿಸಿದರೆ 366. ಈ ಕೊನೆಯ ಸಂಖ್ಯೆ ಗೋಡೆಯ ಅಗಲಕ್ಕೆ ಸರಿಯಾಗಿ ಬಂತು ಅಂದರೆ ಕೂಡಿಸಿದ್ದು ತಪ್ಪಿಲ್ಲ. ಬರದಿದ್ದರೆ ಮೊಳೆ ಮುಟ್ಟಬೇಡಿ, ಕಾಗದಕ್ಕೇ ವಾಪಸ್ ಹೋಗಿ.

ಗುರುತು ಹಾಕುವಾಗ ಪ್ರತಿ ಸಲ ಟೇಪಿನ ತುದಿ ಅದೇ ಎಡ ಮೂಲೆಯಲ್ಲೇ ಇರಲಿ. ಒಂದು ಫೋಟೊದ ಗುರುತಿನಿಂದ ಮುಂದಿನದಕ್ಕೆ 26, ಮತ್ತೆ ಅದರ ಅಗಲ ಅಂತ ಅಳೆಯುತ್ತಾ ಹೋದರೆ ಒಂದೊಂದು ಸಲ ಎರಡು ಮಿಲಿಮೀಟರ್ ತಪ್ಪಿದರೂ ಅದು ಒಂದೇ ಕಡೆಗೆ ಸೇರುತ್ತಾ ಬಾಗಿಲ ಹತ್ತಿರ ಬರುವಷ್ಟರಲ್ಲಿ ಎರಡು ಸೆಂಟಿಮೀಟರ್ ಆಗಿರುತ್ತದೆ. ಮೂಲೆಯಿಂದಲೇ ಅಳೆದರೆ ಒಂದರ ತಪ್ಪು ಇನ್ನೊಂದಕ್ಕೆ ಹೋಗುವುದಿಲ್ಲ.

ಮೊಳೆ ಬರುವುದು ಫೋಟೊದ ನಡುವಿಗೆ. ನಮ್ಮಲ್ಲಿ ಅದು 49, 113.5, 185.5, 257.5, 319.5. ಆದರೆ ಇಲ್ಲೇ ನಾನು ಜಾಸ್ತಿ ಹೊತ್ತು ಕೂತಿದ್ದು. ಹಿಂಬದಿಯ ಹುಕ್ ಎಲ್ಲ ಫೋಟೊಗೂ ಸರಿಯಾಗಿ ನಡುವಲ್ಲಿ ಇರುವುದಿಲ್ಲ. ತಂಗಿಯ ವೇಷದ ಫೋಟೊ ಮಗುಚಿ ಹಾಕಿ ಅಳೆದರೆ ಹುಕ್ ಒಂದೂವರೆ ಸೆಂಟಿಮೀಟರ್ ಎಡಕ್ಕಿತ್ತು. ಮಗುಚಿದಾಗಿನ ಎಡ, ಗೋಡೆಗೆ ಹಾಕಿದಾಗ ಬಲ. ಹಾಗಾಗಿ ಮೊಳೆಯನ್ನು 257.5ಕ್ಕಲ್ಲ, 259ಕ್ಕೆ ಹೊಡೆಯಬೇಕು. ಅವಸರದಲ್ಲಿ 256ಕ್ಕೆ ಹೊಡೆದಿದ್ದರೆ ಫೋಟೊ ಮೂರು ಸೆಂಟಿಮೀಟರ್ ಎಡಕ್ಕೆ ಹೋಗಿ ಒಂದು ಸಂದು 23, ಇನ್ನೊಂದು 29 ಆಗುತ್ತಿತ್ತು. ಈಗ ನಾನು ಪ್ರತಿ ಫೋಟೊ ಹಿಂದೆ ಬಾಣದ ಗುರುತು ಹಾಕಿ "ಬಾಗಿಲ ಕಡೆ" ಅಂತ ಬರೆದೇ ಗೋಡೆ ಹತ್ತಿರ ಹೋಗುವುದು.

ಎತ್ತರವನ್ನೂ ಹೀಗೇ ನಡುವಿನಿಂದ ಹಿಡಿದೆ. ಎಲ್ಲ ಫೋಟೊದ ನಡು ನೆಲದಿಂದ 150ಕ್ಕೆ ಬರಲಿ ಅಂತ ಇಟ್ಟುಕೊಂಡೆ. ಮದುವೆ ಫೋಟೊದ ಎತ್ತರ 46, ಅರ್ಧ 23. ಹಿಂದಿನ ತಂತಿಯನ್ನು ಬೆರಳಿಂದ ಮೇಲಕ್ಕೆ ಎಳೆದು ಹಿಡಿದಾಗ ಅದು ಮೇಲಿನ ಅಂಚಿನಿಂದ 7 ಕೆಳಗೆ ನಿಲ್ಲುತ್ತದೆ. 150ಕ್ಕೆ 23 ಕೂಡಿಸಿ 7 ಕಳೆದರೆ ಮೊಳೆಯ ಎತ್ತರ 166. ತಂತಿಯನ್ನು ಎಳೆಯದೆ ಸಡಿಲ ಇರುವಾಗಲೇ ಅಳೆದರೆ ಈ ಲೆಕ್ಕ ತಪ್ಪುತ್ತದೆ.

ಚಿರೇಕಲ್ಲಿನ ಗೋಡೆಯಲ್ಲಿ ಮೊಳೆ ಹೆಚ್ಚು ದಿನ ನಿಲ್ಲುವುದಿಲ್ಲ, ಗಾರೆ ಉದುರುತ್ತದೆ. ಡ್ರಿಲ್ ಮಾಡಿ ಪ್ಲಗ್ ತುಂಬಿ ಸ್ಕ್ರೂ ಹಾಕಿದೆ. ಕಲ್ಲಿನಲ್ಲಿ ಅಲ್ಲಲ್ಲಿ ಮೆತ್ತಗಿನ ಮಣ್ಣಿನ ತೂತುಗಳಿರುತ್ತವೆ, ಡ್ರಿಲ್ಲಿನ ಬಿಟ್ ಅದರ ಕಡೆಗೆ ಜಾರುತ್ತದೆ. ಕಾವಿ ಚಿತ್ರದ ತೂತು ಹಾಗೆ ಆರು ಮಿಲಿಮೀಟರ್ ಬಲಕ್ಕೆ ಹೋಯಿತು. ಪಕ್ಕದಲ್ಲೇ ಇನ್ನೊಂದು ತೂತು ಕೊರೆದರೆ ಎರಡೂ ಸೇರಿ ದೊಡ್ಡ ಗುಂಡಿಯಾಗುತ್ತದೆ. ಅದರ ಬದಲು ಚೌಕಟ್ಟಿನ ಹುಕ್ಕನ್ನೇ ಬಿಚ್ಚಿ, ಮುಂದಿನಿಂದ ನೋಡಿದರೆ ಬಲಕ್ಕೆ ಬರುವ ಹಾಗೆ ಆರು ಮಿಲಿಮೀಟರ್ ಸರಿಸಿದೆ. ಫೋಟೊ 299ಕ್ಕೇ ಬಂದು ಕೂತಿತು.

26 ಸೆಂಟಿಮೀಟರ್ ಸಂದು ನಮ್ಮ ಜಗಲಿಗೆ ಹಿಡಿಸಿತು, ಯಾಕೆಂದರೆ ಅತಿ ಚಿಕ್ಕ ಫೋಟೊದ ಅಗಲ 31, ಸಂದು ಅದಕ್ಕಿಂತ ಕಮ್ಮಿ. ಸಂದು ಫೋಟೊಗಿಂತ ದೊಡ್ಡದಾದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕಾಣುತ್ತವೆ. ಆಗ ತುದಿಯ ಸಂದುಗಳನ್ನು ಸಮ ಮಾಡುವ ಹಟ ಬಿಡುವುದು ಒಳ್ಳೇದು. ನಡುವಿನ ನಾಲ್ಕನ್ನು ಮಾತ್ರ ಸಮ, ಉದಾಹರಣೆಗೆ 18, ಇಟ್ಟು ಉಳಿದ 84ನ್ನು ಎರಡು ತುದಿಗೆ 42ರಂತೆ ಹಂಚಬಹುದು.

ಎಲ್ಲ ಹಾಕಿ ಮುಗಿಸಿದ ಮೇಲೆ ಆಯಿ ಒಳಗಿಂದ ಮೊಮ್ಮಗಳ ಫೋಟೊ ತಂದು, "ಇದಕ್ಕೂ ಜಾಗ ಇದ್ದಾ?" ಕೇಳಿದಳು. ಅಗಲ 31. ಲೆಕ್ಕ ಹಾಕಿದೆ: ಒಟ್ಟು 241, ಉಳಿಯುವುದು 125, ಸಂದು ಏಳು, ಒಂದಕ್ಕೆ ಹೆಚ್ಚು ಕಮ್ಮಿ 17.9. ಸುಮ್ನೆ ಒಂದು ಕಡೆ ಸೇರಿಸಲು ಆಗುವುದಿಲ್ಲ, ಈಗಾಗಲೇ ಹಾಕಿದ ಐದೂ ಫೋಟೊಗಳ ಜಾಗ ಬದಲಾಗುತ್ತದೆ. ಆಯಿ ಅದನ್ನು ದೇವರ ಕೋಣೆಯ ಪಕ್ಕದ ಗೋಡೆಗೆ ಒರಗಿಸಿ ಇಟ್ಟಿದ್ದಾಳೆ. ಮುಂದಿನ ಸಲ ಬಣ್ಣ ಹೊಡೆಸುವಾಗ ಬೇಕಾಗುತ್ತದೆ ಅಂತ ಆರು ಫೋಟೊದ ಅಂಚುಗಳ ಲೆಕ್ಕವನ್ನು ಮದುವೆ ಫೋಟೊದ ಹಿಂಬದಿಗೆ ಬರೆದಿಟ್ಟಿದ್ದೇನೆ.