ಎಂ.ಆರ್ಕ್ ಪೋರ್ಟ್‌ಫೋಲಿಯೊ: ಯಾವ ಪ್ರಾಜೆಕ್ಟ್ ಇರಬೇಕು, ಯಾವ ಪುಟ ಮೊದಲು ಬರಬೇಕು

ಹತ್ತು ಸೆಮಿಸ್ಟರಿನ ಕೆಲಸವನ್ನು ಮಾಡಿದ ಕ್ರಮದಲ್ಲೇ ಜೋಡಿಸಿದರೆ, ನೋಡುವವರ ಕಣ್ಣಿಗೆ ಮೊದಲು ಬೀಳುವುದು ನಮ್ಮ ಅತಿ ಎಳೆಯ ಕೆಲಸ. ಹಾಗಾಗಿ ನಾನು ಕೊನೆಯಿಂದ ಶುರು ಮಾಡಿದೆ. ಅರ್ಜಿ ಹಾಕಿದ್ದು ವಸತಿ ಮತ್ತು ಹವಾಮಾನದ ಕೋರ್ಸುಗಳಿಗೆ. ಪುಟದ ಮಿತಿ ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ, ಎಲ್ಲಕ್ಕೂ ಹೊಂದುವಂತೆ 24 ಪುಟಕ್ಕೆ ಲೆಕ್ಕ ಹಾಕಿದೆ: ಮುಖಪುಟ ಒಂದು, ಪರಿವಿಡಿ ಒಂದು, ಥೀಸಿಸ್ಸಿಗೆ ಒಂಬತ್ತು, ಐನ್‌ಮನೆ ಎಂಬ ಕೊಡಗಿನ ಮನೆತನದ ಮೂಲಮನೆಯ ಅಳತೆ ನಕ್ಷೆಗೆ ಐದು, ಬೆಂಗಳೂರಿನ ಗ್ರಂಥಾಲಯಕ್ಕೆ ಆರು, ಕಟ್ಟಡ ವಿವರಗಳಿಗೆ ಎರಡು.

ಆಯ್ಕೆಗೆ ಇಟ್ಟುಕೊಂಡ ಪರೀಕ್ಷೆ ಒಂದೇ. ಈ ಪ್ರಾಜೆಕ್ಟ್ ತೆಗೆದರೆ ನನ್ನ ಬಗ್ಗೆ ಯಾವ ವಿಷಯ ಗೊತ್ತಾಗದೆ ಉಳಿಯುತ್ತದೆ? ಏನೂ ಉಳಿಯದಿದ್ದರೆ ಅದು ಹೊರಗೆ. ಹೋಂಸ್ಟೇ ವಿನ್ಯಾಸ ನೋಡಲು ಚೆನ್ನಾಗಿತ್ತು, ಆದರೆ ಇಳಿಜಾರಿನಲ್ಲಿ ಕಟ್ಟುವ ಮಾತನ್ನು ಥೀಸಿಸ್ ಅದಕ್ಕಿಂತ ಚೆನ್ನಾಗಿ ಹೇಳುತ್ತಿತ್ತು, ಕೈಬಿಟ್ಟೆ. ಗ್ರಂಥಾಲಯ ಉಳಿದದ್ದು ಅದು ಸಮತಟ್ಟು, ಇಕ್ಕಟ್ಟಾದ ನಗರದ ಸೈಟು ಎಂಬ ಕಾರಣಕ್ಕೆ. ಎಲ್ಲವೂ ಕೊಡಗಿನದೇ ಆದರೆ ಈತನಿಗೆ ಬೆಟ್ಟ ಬಿಟ್ಟು ಬೇರೇನೂ ಗೊತ್ತಿಲ್ಲ ಎನಿಸುತ್ತದೆ.

ಥೀಸಿಸ್ ಮಡಿಕೇರಿ ತಾಲ್ಲೂಕಿನ ಒಂದು ಇಳಿಜಾರಿನಲ್ಲಿ, 2018ರ ಆಗಸ್ಟಿನ ಭೂಕುಸಿತದ ನಂತರದ ವಸತಿಯ ಬಗ್ಗೆ. ಇಂಥ ಪ್ರಾಜೆಕ್ಟನ್ನು ಸಾಮಾನ್ಯವಾಗಿ ಕುಸಿದ ಗುಡ್ಡದ ಪತ್ರಿಕಾ ಚಿತ್ರ, ಮಳೆಯ ಗ್ರಾಫ್, ಸೈಟ್ ಅನಾಲಿಸಿಸ್ ಎಂದು ಮೂರು ಪುಟ ಕಳೆದ ಮೇಲೆ ಶುರು ಮಾಡುತ್ತಾರೆ. ಅಷ್ಟು ಹೊತ್ತಿಗೆ ನೋಡುವವರು ಮುಂದೆ ಹೋಗಿರುತ್ತಾರೆ. ನಾನು ಮೊದಲ ಪುಟದಲ್ಲಿ ಎರಡೇ ಸಣ್ಣ ಸೆಕ್ಷನ್ ಇಟ್ಟೆ. ಮೇಲಿನದರಲ್ಲಿ ಗುಡ್ಡವನ್ನು ಅಗೆದು ಮಟ್ಟ ಮಾಡಿದ ಸೈಟು: ಹಿಂದೆ ನೆಟ್ಟಗೆ ಕಡಿದ ಬರೆ, ಮುಂದೆ ಸಡಿಲ ಮಣ್ಣು ತುಂಬಿದ ಅಂಚು. ಕೆಳಗಿನದರಲ್ಲಿ ಬರೆ ಕಡಿಯದೆ ಅಡಿಪಾಯವನ್ನೇ ಮೆಟ್ಟಿಲಾಗಿಸಿದ ಮನೆ. ಜೊತೆಗೆ ಎರಡು ಸಾಲು ಬರಹ. ಪ್ರಶ್ನೆಯೂ ಉತ್ತರವೂ ಅಲ್ಲೇ ಸಿಗುತ್ತವೆ.

ಎರಡನೇ ಪುಟದಲ್ಲಿ ಇಡೀ ಇಳಿಜಾರಿನ ಉದ್ದ ಸೆಕ್ಷನ್. ಇಳಿಜಾರು 120 ಮೀಟರ್, 1:500ರಲ್ಲಿ 240 ಮಿ.ಮೀ. ಅಡ್ಡ ಎ4 ಹಾಳೆ 297 ಮಿ.ಮೀ. ಅಗಲ, ಆದ್ದರಿಂದ ಎರಡೂ ಬದಿ ಅಂಚು ಬಿಟ್ಟು ಒಂದೇ ಪುಟದಲ್ಲಿ ಕೂರುತ್ತದೆ. ಆದರೆ 6 ಮೀಟರಿನ ಮನೆ ಅಲ್ಲಿ ಬರೀ 12 ಮಿ.ಮೀ., ಕಿಟಕಿಯೂ ಕಾಣದು. ಅದಕ್ಕೇ ಮೂರನೇ ಪುಟಕ್ಕೆ ಅದೇ ಸಾಲಿನ ಒಂದು ಮನೆಯನ್ನು 1:50ರಲ್ಲಿ ಎಳೆದೆ. ಆಗ ಮನೆ 120 ಮಿ.ಮೀ. ಆಗಿ, ಮಾಡಿನ ನೀರು ಯಾವ ಚರಂಡಿಗೆ ಇಳಿಯುತ್ತದೆ ಎಂಬುದು ಕಾಣುತ್ತದೆ. ಪ್ಲಾನ್ ಬಂದದ್ದು ಇದಾದ ಮೇಲೆ. ಬಣ್ಣದ ರೆಂಡರ್ ಒಂದೇ, ಅದೂ ಒಂಬತ್ತನೆಯ ಪುಟದಲ್ಲಿ.

ಕಾಲೇಜಿನ ಎ1 ಶೀಟನ್ನು ಹಾಗೇ ಕುಗ್ಗಿಸಿ ಹಾಕುವುದು ನಾನು ಅತಿ ಹೆಚ್ಚು ಕಂಡ ಎಡವಟ್ಟು. ಎ1 ಎ4 ಆದಾಗ ಉದ್ದಗಲ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ: 2.5 ಮಿ.ಮೀ. ಅಕ್ಷರ ಒಂದು ಮಿ.ಮೀ.ಗಿಂತ ಚಿಕ್ಕದಾಗುತ್ತದೆ, ತೆಳು ಗೆರೆ ಮಾಯ. 1:100 ಎಂದು ಬರೆದದ್ದು ಸುಳ್ಳಾಗುತ್ತದೆ, ಆದ್ದರಿಂದ ಅಂಕಿಯ ಬದಲು ಅಳತೆ ಪಟ್ಟಿ ಇಡಬೇಕು. ಗೆರೆಗಳನ್ನು ಹೊಸ ಅಳತೆಗೆ ಮತ್ತೆ ಹೊಂದಿಸಲೇಬೇಕು. ಬೇಸರದ ಕೆಲಸ, ಬೇರೆ ದಾರಿ ಇಲ್ಲ.

ಐನ್‌ಮನೆ ಎರಡನೆಯದಾಗಿ ಬಂದದ್ದು ಥೀಸಿಸ್ಸಿನ ಜಗಲಿ ಎಲ್ಲಿಂದ ಬಂತು ಎಂದು ತೋರಿಸಲು. ಕೈಯಾಲೆ ಎಂಬ ಆ ಜಗಲಿಯ ಕಂಬ, ಕೂರುವ ಐಮರ, ಇವುಗಳ ಜೋಡಣೆಗೇ ಒಂದು ಪೂರ್ತಿ ಪುಟ ಕೊಟ್ಟೆ. ಅಳತೆ ತೆಗೆದದ್ದು ಗುಂಪಿನಲ್ಲಿ, ಹಾಗಾಗಿ ಮೊದಲ ಪುಟದಲ್ಲೇ ನನ್ನ ಪಾಲು ಸೆಕ್ಷನ್ ಮತ್ತು ಮರದ ಜೋಡಣೆ ಮಾತ್ರ ಎಂದು ಬರೆದೆ. ಇದನ್ನು ಬರೆಯದಿದ್ದರೆ ಅದೇ ನಕ್ಷೆ ಗೆಳೆಯರ ಅರ್ಜಿಯಲ್ಲೂ ಕಂಡಾಗ ಇಬ್ಬರ ಮೇಲೂ ಅನುಮಾನ. ಪೂಜೆಯ ಕೋಣೆಯಾದ ಕನ್ನಿಕೊಂಬರೆಯ ಗೋಡೆ ಗೆರೆ ಮಾತ್ರ ಎಳೆದೆ, ಫೋಟೋ ಹಾಕಲಿಲ್ಲ. ಒಕ್ಕದ, ಅಂದರೆ ಆ ಮನೆತನದ, ಹಿರಿಯರನ್ನು ಕೇಳದೆ ಅಂಥದ್ದನ್ನು ಹೊರಗೆ ಕಳಿಸಬಾರದು.

ಸೈಟಿನ ಫೋಟೋಗಳನ್ನು ಜುಲೈ–ಆಗಸ್ಟಿನಲ್ಲೇ ತೆಗೆದಿಟ್ಟುಕೊಳ್ಳಿ. ಹೊರದೇಶದ ಅನೇಕ ಅರ್ಜಿಗಳ ಕೊನೆ ದಿನ ಬರುವುದು ಡಿಸೆಂಬರ್–ಜನವರಿಯಲ್ಲಿ, ನಮ್ಮಲ್ಲಿ ಕಾಫಿ ಕುಯ್ಲಿನ ಹೊತ್ತಿಗೆ. ಆಗ ಅದೇ ಇಳಿಜಾರು ಒಣಗಿ ನಿಂತಿರುತ್ತದೆ, ನೀರು ಹರಿಯುವ ದಾರಿ ಎಲ್ಲೂ ಕಾಣುವುದಿಲ್ಲ.

ಕೊನೆಗೆ ಫೈಲಿನ ಗಾತ್ರ. ಫೋಟೋಗಳನ್ನು ಪುಟದಲ್ಲಿರುವ ಅಳತೆಗೆ 150 ಪಿಪಿಐಗೆ ಇಳಿಸಿ, ಗೆರೆ ನಕ್ಷೆಗಳನ್ನು ವೆಕ್ಟರ್ ಆಗಿಯೇ ಬಿಟ್ಟೆ. ಕಾಂಟೂರ್ ಮತ್ತು ಮರದ ಬ್ಲಾಕ್ ತುಂಬಿದ ಸೈಟ್ ಪ್ಲಾನ್ ಮಾತ್ರ ತೆರೆಯುವಾಗ ತಡವರಿಸುತ್ತಿತ್ತು. ಆ ಒಂದು ಪುಟವನ್ನು 300 ಪಿಪಿಐ ಚಿತ್ರವಾಗಿ ಬದಲಿಸಿದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಎಲ್ಲ ಪುಟಗಳನ್ನೂ ಒಂದೇ ಸಮನೆ ತಿರುಗಿಸಿ ನೋಡಿದರೆ ಯಾವ ಪುಟ ತಡೆಯುತ್ತದೆ ಎಂದು ತಕ್ಷಣ ಗೊತ್ತಾಗುತ್ತದೆ.