ರಿಗ್ರೆಷನ್ ಟೇಬಲ್‌ನ ಸ್ಲೈಡನ್ನು ನಾನು ಓದುವ ಕ್ರಮ

ಒಂದು ಅಳತೆ ಬದಲಾದಂತೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಗೆರೆ ಎಳೆದು ಅಂದಾಜು ಮಾಡುವುದು ರಿಗ್ರೆಷನ್. ಅದರ ಟೇಬಲ್ ಇರುವ ಸ್ಲೈಡ್ ಪರದೆ ಮೇಲೆ ಬಂದ ಕೂಡಲೇ ಹೆಚ್ಚಿನವರ ಕಣ್ಣು ನೇರ, ಪಿ-ವ್ಯಾಲ್ಯೂ ಎಷ್ಟು ಚಿಕ್ಕದೆಂದು ತೋರಿಸುವ ನಕ್ಷತ್ರಗಳ ಕಡೆ ಹೋಗುತ್ತದೆ. ಮೂರು ನಕ್ಷತ್ರ ಕಂಡರೆ ಫಲಿತಾಂಶ ಗಟ್ಟಿ ಅಂದುಕೊಂಡು ಮುಂದಿನ ಸ್ಲೈಡಿಗೆ ಹೋಗಿಬಿಡುತ್ತಾರೆ. ಪಾಠ ಮಾಡುವಾಗಲೂ, ಬೇರೆಯವರ ವರದಿ ನೋಡುವಾಗಲೂ ನಾನು ಈ ಕ್ರಮವನ್ನು ತಿರುಗಿಸಿ ಇಟ್ಟುಕೊಂಡಿದ್ದೇನೆ. ಮೊದಲು ಯೂನಿಟ್, ಆಮೇಲೆ ಸ್ಲೋಪ್, ಅದಾದ ಮೇಲೆ ಆರ್-ಸ್ಕ್ವೇರ್ಡ್. ಪಿ-ವ್ಯಾಲ್ಯೂ ಕೊನೆಗೆ. ಸ್ಲೋಪ್, ಆರ್-ಸ್ಕ್ವೇರ್ಡ್, ಪಿ-ವ್ಯಾಲ್ಯೂ ಈ ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಒಂದರ ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ಹಚ್ಚಿದಾಗಲೇ ಎಡವಟ್ಟಾಗುವುದು.

ಇದನ್ನು ತೋರಿಸಲು ನಾನು ಬಳಸುವುದು ಆರ್ ಸಾಫ್ಟ್‌ವೇರ್ ಜೊತೆಗೇ ಬರುವ `cars` ಎಂಬ ಡೇಟಾ. 1920ರ ದಶಕದ ಕಾರುಗಳು, ಒಟ್ಟು 50 ಅಳತೆಗಳು. ಪ್ರತಿ ಸಾಲಿನಲ್ಲೂ ಎರಡೇ ಅಂಕಿ: ಕಾರಿನ ವೇಗ ಗಂಟೆಗೆ ಎಷ್ಟು ಮೈಲಿ, ನಿಲ್ಲಲು ಎಷ್ಟು ಅಡಿ ಬೇಕಾಯಿತು. ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಹಾಕಿ ನೋಡಬಹುದು:

```
summary(lm(dist ~ speed, data = cars))

            Estimate Std. Error t value Pr(>|t|)
(Intercept) -17.5791     6.7584  -2.601   0.0123 *
speed         3.9324     0.4155   9.464 1.49e-12 ***

Residual standard error: 15.38 on 48 degrees of freedom
Multiple R-squared:  0.6511, Adjusted R-squared:  0.6438
```

ನಾನು ಮೊದಲು ಬೆರಳಿಡುವುದು `speed` ಸಾಲಿನ 3.9324 ಮೇಲೆ. ಇದೇ ಸ್ಲೋಪ್. ಬರೀ 3.93 ಅಂತ ಓದಿದರೆ ಅದಕ್ಕೆ ಅರ್ಥವೇ ಇಲ್ಲ, ಆದ್ದರಿಂದ ವಿದ್ಯಾರ್ಥಿಗಳಿಂದ ಪೂರ್ತಿ ವಾಕ್ಯವನ್ನೇ ಹೇಳಿಸುತ್ತೇನೆ: ವೇಗ ಗಂಟೆಗೆ ಒಂದು ಮೈಲಿ ಹೆಚ್ಚಿರುವ ಕಡೆ, ನಿಲ್ಲಲು ಬೇಕಾದ ದೂರ ಸರಾಸರಿ 3.93 ಅಡಿ ಹೆಚ್ಚಿದೆ. ಇಲ್ಲಿ "ಸರಾಸರಿ" ಎಂಬುದನ್ನು ಬಿಡುವ ಹಾಗಿಲ್ಲ. ಇದು ಯಾವುದೋ ಒಂದು ಕಾರಿನ ಬಗ್ಗೆ ಕೊಟ್ಟ ಭರವಸೆ ಅಲ್ಲ.

ಯೂನಿಟ್ ಮೊದಲು ನೋಡಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣ ಇದೆ. ಇದೇ ಡೇಟಾವನ್ನು ಕಿಲೋಮೀಟರ್ ಮತ್ತು ಮೀಟರಿಗೆ ಬದಲಾಯಿಸಿ ಮತ್ತೆ ಓಡಿಸಿದರೆ ಸ್ಲೋಪ್ 0.745 ಆಗುತ್ತದೆ. ನಾಲ್ಕರ ಹತ್ತಿರ ಇದ್ದದ್ದು ಒಂದಕ್ಕಿಂತ ಕೆಳಗೆ ಇಳಿಯಿತು, ಆದರೆ ಸಂಬಂಧ ಎಳ್ಳಷ್ಟೂ ದುರ್ಬಲ ಆಗಿಲ್ಲ. ಟಿ-ವ್ಯಾಲ್ಯೂ, ಪಿ-ವ್ಯಾಲ್ಯೂ, ಆರ್-ಸ್ಕ್ವೇರ್ಡ್ ಮೂರೂ ಇದ್ದ ಹಾಗೇ ಇರುತ್ತವೆ. ಹಾಗಾಗಿ ಸ್ಲೋಪಿನ ಅಂಕಿ ದೊಡ್ಡದು, ಆದ್ದರಿಂದ ಪರಿಣಾಮವೂ ದೊಡ್ಡದು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಯಾವ ಯೂನಿಟ್ ಎಂದು ಕೇಳುತ್ತೇನೆ.

ಪಕ್ಕದ ಕಾಲಂನಲ್ಲಿರುವ 0.4155 ಸ್ಟ್ಯಾಂಡರ್ಡ್ ಎರರ್. ಇದೇ ಬಗೆಯ ಬೇರೆ 50 ಅಳತೆ ತೆಗೆದುಕೊಂಡಿದ್ದರೆ ಸ್ಲೋಪ್ ಸುಮಾರು ಎಷ್ಟು ಆಚೀಚೆ ಆಗುತ್ತಿತ್ತು ಎಂಬುದರ ಅಂದಾಜು ಅದು. ಸ್ಲೋಪಿನಿಂದ ಅದರ ಎರಡರಷ್ಟನ್ನು ಕಳೆದು, ಎರಡರಷ್ಟನ್ನು ಕೂಡಿಸಿದರೆ 3.1ರಿಂದ 4.8 ಸಿಗುತ್ತದೆ. ಇದು 95% ಕಾನ್ಫಿಡೆನ್ಸ್ ಇಂಟರ್ವಲ್, ಬಾಯಿಲೆಕ್ಕದಲ್ಲೇ ಆಗುವಂಥದ್ದು. ಸ್ಲೈಡಿನಲ್ಲಿ ಅದನ್ನು ಕೊಡದಿದ್ದರೂ ನಾನೇ ಲೆಕ್ಕ ಹಾಕಿ ಹೇಳುತ್ತೇನೆ. ಸಾಧ್ಯವಾದ ಸ್ಲೋಪ್‌ಗಳು ಎಲ್ಲಿಂದ ಎಲ್ಲಿಗೆ ಅಂತ ಗೊತ್ತಾದ ಮೇಲೆ ನಕ್ಷತ್ರಗಳು ಹೊಸದಾಗಿ ಹೇಳುವುದು ಕಡಿಮೆ.

ಇಂಟರ್‌ಸೆಪ್ಟ್ ಸಾಲಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ವೇಗ ಸೊನ್ನೆ ಇದ್ದಾಗ ನಿಲ್ಲುವ ದೂರ ಮೈನಸ್ 17.58 ಅಡಿ ಎಂದು ಅದು ಹೇಳುತ್ತಿದೆ. ನಿಂತಿರುವ ಕಾರಿಗೆ ನಿಲ್ಲುವ ದೂರವೇ ಇಲ್ಲ, ಇದ್ದರೂ ಅದು ಮೈನಸ್ ಆಗಲಾರದು. ಡೇಟಾದಲ್ಲಿರುವ ವೇಗ 4ರಿಂದ 25ರವರೆಗೆ ಮಾತ್ರ. ಸೊನ್ನೆ ಆ ಮಿತಿಯ ಹೊರಗಿದೆ. ಗೆರೆಯನ್ನು ಕಾಗದದ ಮೇಲೆ ಎಳೆಯಲು ಈ ಅಂಕಿ ಬೇಕು, ಅಷ್ಟೇ. ಆದರೂ ಅದರ ಎದುರು ಒಂದು ನಕ್ಷತ್ರ ಕೂತಿದೆ ನೋಡಿ. ನಕ್ಷತ್ರ ಇದ್ದ ಮಾತ್ರಕ್ಕೆ ಅಂಕಿಗೆ ಅರ್ಥ ಬರುವುದಿಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಲು ನನಗೆ ಸಿಕ್ಕಿಲ್ಲ.

ಇನ್ನು ಆರ್-ಸ್ಕ್ವೇರ್ಡ್, 0.6511. ನಿಲ್ಲುವ ದೂರ ಕಾರಿನಿಂದ ಕಾರಿಗೆ ಬೇರೆ ಆಗಿದೆಯಲ್ಲ, ಆ ಒಟ್ಟು ಏರುಪೇರಿನಲ್ಲಿ ಸುಮಾರು 65% ಭಾಗವನ್ನು ವೇಗದ ಮೇಲೆ ಎಳೆದ ಈ ನೇರ ಗೆರೆ ಲೆಕ್ಕಕ್ಕೆ ತಂದಿದೆ. ಇಲ್ಲಿ ಏರುಪೇರು ಎಂದರೆ ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತ. ಮಾಡೆಲ್ 65% ಸಲ ಸರಿಯಾಗಿ ಹೇಳುತ್ತದೆ ಎಂದೋ, ಊಹೆಗಳು 65% ನಿಖರ ಎಂದೋ ಓದಿಕೊಳ್ಳುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಆಗ ಮಾತಿನಲ್ಲಿ ತಿದ್ದುವ ಬದಲು ಮೇಲಿನ ಸಾಲಿನ 15.38 ಕಡೆ ಕೈ ತೋರಿಸುತ್ತೇನೆ. ಅದು ರೆಸಿಡ್ಯುಯಲ್ ಸ್ಟ್ಯಾಂಡರ್ಡ್ ಎರರ್, ಅಂದರೆ ಗೆರೆಯ ಊಹೆಗೂ ನಿಜವಾದ ಅಳತೆಗೂ ಮಾಮೂಲಾಗಿ ಇರುವ ಅಂತರ. ಅದು ಅಡಿಯಲ್ಲೇ ಇರುವುದರಿಂದ ತಲೆಗೆ ಬೇಗ ಹೋಗುತ್ತದೆ. ಗಂಟೆಗೆ 24 ಮೈಲಿ ವೇಗಕ್ಕೆ ಗೆರೆ ಹೇಳುವುದು 76.8 ಅಡಿ. ಆ ವೇಗದಲ್ಲಿ ಡೇಟಾದಲ್ಲಿರುವ ಅಳತೆಗಳು 70, 92, 93 ಮತ್ತು 120. ಕೊನೆಯದಕ್ಕೂ ಗೆರೆಗೂ 43 ಅಡಿ ಅಂತರ. ಆರ್-ಸ್ಕ್ವೇರ್ಡ್ 0.65 ಎಂದು ಕೇಳಿದಾಗ ಈ 43 ಅಡಿ ಯಾರ ಕಣ್ಣ ಮುಂದೆಯೂ ಬರುವುದಿಲ್ಲ. ಊಹೆಗಾಗಿ ಮಾಡೆಲ್ ಬಳಸುವವರು ಆರ್-ಸ್ಕ್ವೇರ್ಡ್‌ಗಿಂತ ಈ 15.38ನ್ನು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಪಿ-ವ್ಯಾಲ್ಯೂ. `1.49e-12` ಎಂದರೆ ದಶಾಂಶ ಬಿಂದುವಿನ ನಂತರ 11 ಸೊನ್ನೆ, ಆಮೇಲೆ 149. ಇದು ಒಂದು "ಹಾಗಿದ್ದಿದ್ದರೆ" ಲೆಕ್ಕ: ವೇಗಕ್ಕೂ ದೂರಕ್ಕೂ ನಿಜವಾಗಿ ಯಾವ ನೇರ ಸಂಬಂಧವೂ ಇರದೆ ಸ್ಲೋಪ್ ಸೊನ್ನೆಯೇ ಆಗಿದ್ದಿದ್ದರೆ, ಬರೀ ಆಕಸ್ಮಿಕವಾಗಿ 9.464 ಅಥವಾ ಅದಕ್ಕಿಂತಲೂ ಸೊನ್ನೆಯಿಂದ ದೂರದ ಟಿ-ವ್ಯಾಲ್ಯೂ ಬರುವ ಸಾಧ್ಯತೆ ಎಷ್ಟು? ಆ ಟಿ ಎಲ್ಲಿಂದ ಬಂತು ಎಂದರೆ 3.9324ನ್ನು 0.4155ರಿಂದ ಭಾಗಿಸಿದ್ದು. ಸ್ಲೋಪ್ ಸೊನ್ನೆ ಆಗಿರುವ ಸಾಧ್ಯತೆಯನ್ನು ಪಿ-ವ್ಯಾಲ್ಯೂ ಹೇಳುವುದಿಲ್ಲ. ಸೊನ್ನೆ ಎಂದು ಮೊದಲೇ ಒಪ್ಪಿಕೊಂಡು ಅದು ಲೆಕ್ಕ ಶುರು ಮಾಡುತ್ತದೆ.

"ಸರ್, ಪಿ ಇಷ್ಟು ಚಿಕ್ಕದಿದ್ರೆ ಆರ್-ಸ್ಕ್ವೇರ್ಡ್ ದೊಡ್ಡದಿರ್ಲೇಬೇಕಲ್ವಾ?" ಎಂಬ ಪ್ರಶ್ನೆ ಇಲ್ಲಿ ಬರುತ್ತದೆ, ಬರಲೇಬೇಕು. ಆಗ ಬೋರ್ಡಿನ ಮೇಲೆ ಒಂದು ಸೂತ್ರ ಬರೆಯುತ್ತೇನೆ. ಒಂದೇ ಸ್ವತಂತ್ರ ಚರ ಇರುವ ರಿಗ್ರೆಷನ್‌ಗೆ ಇದು ಯಾವಾಗಲೂ ನಿಜ, ಇಲ್ಲಿ `n` ಎಂದರೆ ಅಳತೆಗಳ ಸಂಖ್ಯೆ:

```
t^2 = R^2 / (1 - R^2) * (n - 2)
```

ನಮ್ಮ ಅಂಕಿ ಹಾಕಿದರೆ 0.6511ನ್ನು 0.3489ರಿಂದ ಭಾಗಿಸಿ 48ರಿಂದ ಗುಣಿಸಬೇಕು. 89.57 ಬರುತ್ತದೆ, ಅದರ ವರ್ಗಮೂಲ 9.464. ಈಗ ಆರ್-ಸ್ಕ್ವೇರ್ಡನ್ನು ಮುಟ್ಟದೆ ಅಳತೆಗಳನ್ನು 50ರಿಂದ 5ಕ್ಕೆ ಇಳಿಸಿದರೆ ಟಿ ಸುಮಾರು 2.37ಕ್ಕೆ ಕುಸಿಯುತ್ತದೆ, ಪಿ-ವ್ಯಾಲ್ಯೂ 0.10ರ ಹತ್ತಿರ ಬರುತ್ತದೆ. ಅದೇ 0.65, ಆದರೆ ಒಂದು ನಕ್ಷತ್ರವೂ ಇಲ್ಲ. ತಿರುಗಿಸಿ ನೋಡಿ: ಆರ್-ಸ್ಕ್ವೇರ್ಡ್ ಬರೀ 0.01 ಇಟ್ಟು 1000 ಅಳತೆ ಕೊಟ್ಟರೆ ಟಿ 3.17ರಷ್ಟಾಗುತ್ತದೆ, ಪಿ-ವ್ಯಾಲ್ಯೂ 0.0015ರಷ್ಟು. ಏರುಪೇರಿನಲ್ಲಿ 1% ಮಾತ್ರ ವಿವರಿಸುವ ಗೆರೆಗೆ ಎರಡು ನಕ್ಷತ್ರ. ಡೇಟಾ ಎಷ್ಟಿದೆ ಎಂಬುದು ಪಿ-ವ್ಯಾಲ್ಯೂ ಒಳಗೆ ಕೂತಿದೆ, ಆರ್-ಸ್ಕ್ವೇರ್ಡ್ ಒಳಗೆ ಆ ರೀತಿ ಕೂತಿಲ್ಲ. ಆದ್ದರಿಂದ ಸ್ಲೈಡಿನಲ್ಲಿ `n` ಎಷ್ಟೆಂದು ಹಾಕದಿದ್ದರೆ ಡಿಗ್ರೀಸ್ ಆಫ್ ಫ್ರೀಡಂ ಹುಡುಕುತ್ತೇನೆ. ಇಲ್ಲಿ 48 ಇದೆ, ಇಂಟರ್‌ಸೆಪ್ಟಿಗೊಂದು, ಸ್ಲೋಪಿಗೊಂದು ಎಂದು ಎರಡು ಕೂಡಿಸಿದರೆ 50.

ಇಷ್ಟೆಲ್ಲ ಓದಿದ ಮೇಲೂ ಟೇಬಲ್ ಒಂದು ವಿಷಯ ಹೇಳುವುದೇ ಇಲ್ಲ: ಸಂಬಂಧ ನಿಜವಾಗಿ ನೇರ ಗೆರೆಯೇ ಹೌದೋ ಅಲ್ಲವೋ. ಗಂಟೆಗೆ 4 ಮೈಲಿ ವೇಗಕ್ಕೆ ನಮ್ಮ ಗೆರೆ ಹೇಳುವ ದೂರ ಮೈನಸ್ 1.85 ಅಡಿ. ಈ ವೇಗ ಡೇಟಾದ ಮಿತಿಯ ಒಳಗೇ ಇದೆ, ಹಾಗಾಗಿ ಇಂಟರ್‌ಸೆಪ್ಟಿಗೆ ಕೊಟ್ಟ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಬ್ರೇಕ್ ಹಾಕಿದ ಮೇಲೆ ಕಾರು ಸಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ ಎಂದು ಭೌತಶಾಸ್ತ್ರ ಹೇಳುತ್ತದೆ. ಹಾಗಾಗಿ ವೇಗದ ವರ್ಗವನ್ನೂ ಸೇರಿಸಿ ಇನ್ನೊಂದು ಸ್ಲೈಡ್ ತೋರಿಸುತ್ತೇನೆ:

```
summary(lm(dist ~ speed + I(speed^2), data = cars))

            Estimate Std. Error t value Pr(>|t|)
(Intercept)  2.47014   14.81716   0.167    0.868
speed        0.91329    2.03422   0.449    0.656
I(speed^2)   0.09996    0.06597   1.515    0.136

Multiple R-squared:  0.6673, Adjusted R-squared:  0.6532
F-statistic: 47.14 on 2 and 47 DF,  p-value: 5.852e-12
```

ಹಿಂದಿನ ಸ್ಲೈಡಿನಲ್ಲಿ ಮೂರು ನಕ್ಷತ್ರ ಹೊತ್ತಿದ್ದ `speed` ಎದುರು ಈಗ 0.656. ಯಾವ ಸಾಲಿನಲ್ಲೂ ನಕ್ಷತ್ರ ಇಲ್ಲ. ನಕ್ಷತ್ರವನ್ನಷ್ಟೇ ನೋಡುವವರು ಇಲ್ಲಿ ವೇಗಕ್ಕೂ ನಿಲ್ಲುವ ದೂರಕ್ಕೂ ಸಂಬಂಧವೇ ಇಲ್ಲ ಎಂದುಬಿಡಬೇಕಾಗುತ್ತದೆ. ಆದರೆ ಇಡೀ ಮಾಡೆಲನ್ನು ಒಟ್ಟಿಗೆ ಪರೀಕ್ಷಿಸುವ, ಕೆಳಗಿನ ಎಫ್-ಸ್ಟಾಟಿಸ್ಟಿಕ್‌ನ ಪಿ-ವ್ಯಾಲ್ಯೂ ಈಗಲೂ ಅತಿ ಚಿಕ್ಕದು. ಎರಡು ಚರಗಳೂ ಸೇರಿ ದೂರವನ್ನು ವಿವರಿಸುತ್ತಿವೆ ಎಂಬುದರಲ್ಲಿ ಅನುಮಾನವಿಲ್ಲ. ವೇಗ ಮತ್ತು ವೇಗದ ವರ್ಗ ಒಟ್ಟೊಟ್ಟಿಗೆ ಏರುವುದರಿಂದ, ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲು 50 ಅಳತೆಗಳಿಗೆ ಆಗುತ್ತಿಲ್ಲ, ಅಷ್ಟೇ. ಸ್ಟ್ಯಾಂಡರ್ಡ್ ಎರರ್ 0.4155ರಿಂದ 2.03422ಕ್ಕೆ ಉಬ್ಬಿದ್ದೇ ಅದರ ಸುಳಿವು. ಒಂದಕ್ಕಿಂತ ಹೆಚ್ಚು ಚರ ಇರುವ ಟೇಬಲ್‌ನಲ್ಲಿ ಪ್ರತಿ ಸಾಲಿನ ಪಿ-ವ್ಯಾಲ್ಯೂ ಕೇಳುವ ಪ್ರಶ್ನೆಯೇ ಬೇರೆ: ಉಳಿದವು ಮಾಡೆಲ್‌ನಲ್ಲಿ ಇದ್ದಾಗ ಇದೊಂದು ಇನ್ನೇನಾದರೂ ಹೆಚ್ಚಿಗೆ ಕೊಡುತ್ತದೆಯೇ?

ಹಾಗಾದರೆ ಎರಡರಲ್ಲಿ ಯಾವ ಮಾಡೆಲ್? ಆರ್-ಸ್ಕ್ವೇರ್ಡ್ 0.6511ರಿಂದ 0.6673ಕ್ಕೆ ಏರಿದ್ದನ್ನು ನಾನು ಪರಿಗಣಿಸುವುದಿಲ್ಲ, ಏಕೆಂದರೆ ಹೊಸ ಚರ ಏನೇ ಸೇರಿಸಿದರೂ ಅದು ಇಳಿಯುವುದಿಲ್ಲ. ಚರಗಳ ಸಂಖ್ಯೆಗೆ ತಕ್ಕಂತೆ ತಗ್ಗಿಸಿದ ಅಡ್ಜಸ್ಟೆಡ್ ಆರ್-ಸ್ಕ್ವೇರ್ಡ್ ಒಂದು ಚೂರು ಏರಿದೆ, ಅದರಿಂದಲೂ ತೀರ್ಮಾನ ಆಗುವುದಿಲ್ಲ. 4 ಮೈಲಿ ವೇಗಕ್ಕೆ ಹೊಸ ಮಾಡೆಲ್ 7.7 ಅಡಿ ಹೇಳುತ್ತದೆ. ಡೇಟಾದಲ್ಲಿ ಆ ವೇಗಕ್ಕಿರುವ ಅಳತೆಗಳು 2 ಮತ್ತು 10 ಅಡಿ, ಹಾಗಾಗಿ ಇದು ಒಪ್ಪುವ ಮಾತು. ಇನ್ನು ಯಾರಾದರೂ ಇದೇ ಟೇಬಲ್ ಹಿಡಿದು ಗಂಟೆಗೆ 40 ಮೈಲಿ ವೇಗಕ್ಕೆ ಎಷ್ಟು ದೂರ ಬೇಕು ಎಂದು ಕೇಳಿದರೆ, ಮೊದಲ ಮಾಡೆಲ್ ಸುಮಾರು 140 ಅಡಿ ಎನ್ನುತ್ತದೆ, ಎರಡನೆಯದು 199 ಅಡಿ. ಆರ್-ಸ್ಕ್ವೇರ್ಡ್ ಬಹುತೇಕ ಒಂದೇ, ಇಡೀ ಮಾಡೆಲ್‌ನ ಪಿ-ವ್ಯಾಲ್ಯೂ ಎರಡಕ್ಕೂ ಅತಿ ಚಿಕ್ಕದು, ಉತ್ತರಗಳ ನಡುವೆ ಮಾತ್ರ 59 ಅಡಿ ಅಂತರ. 25 ಮೈಲಿಯ ಆಚೆ ಒಂದು ಅಳತೆಯೂ ಇಲ್ಲದ ಡೇಟಾದಿಂದ ಆ ಪ್ರಶ್ನೆಗೆ ನಾನು ಯಾವ ಅಂಕಿಯನ್ನೂ ಕೊಡುವುದಿಲ್ಲ.